ಮೆಟ್ಟಿಲಿನ ರೈಸರ್, ಟ್ರೆಡ್, ಹೆಡ್‌ರೂಮ್ ಲೆಕ್ಕ, ರೆವಿಟ್ ಮಾಡೆಲ್

ಪ್ರಶ್ನೆ: ಮನೆಗೆ ಡಾಗ್‌ಲೆಗ್ ಸ್ಟೇರ್‌ಕೇಸ್, ಫ್ಲೋರ್ ಟು ಫ್ಲೋರ್ 3150 ಮಿಮೀ. ರೈಸರ್, ಟ್ರೆಡ್ ಎಷ್ಟಿಡ್ಲಿ? ಲ್ಯಾಂಡಿಂಗ್ ಕೆಳಗೆ ಓಡಾಡೋಕೆ ಜಾಗ ಸಿಗುತ್ತಾ? ರೆವಿಟ್‌ನಲ್ಲಿ ಹೇಗೆ ಮಾಡೆಲ್ ಮಾಡೋದು?

18 ರೈಸರ್ ಇಡಿ, ಒಂದೊಂದು 175 ಬರುತ್ತೆ, ಟ್ರೆಡ್ 270. ಎರಡು ರೈಸರ್ ಪ್ಲಸ್ ಒಂದು ಟ್ರೆಡ್ ಕೂಡಿಸಿದ್ರೆ 620 ಆಗುತ್ತೆ, 600ರಿಂದ 640ರ ಒಳಗಿದ್ರೆ ಕಾಲಿಗೆ ಆರಾಮ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಮನೆಗಳಿಗೆ 190ರ ತನಕ ರೈಸರ್ ಬಿಡುತ್ತೆ, ಆದ್ರೆ ಮನೇಲಿ ವಯಸ್ಸಾದವ್ರು ಇದ್ರೆ ದಯವಿಟ್ಟು ಅಷ್ಟಕ್ಕೆ ಹೋಗ್ಬೇಡಿ.

ರೆವಿಟ್‌ನಲ್ಲಿ ಮೊದಲು ಲೆವೆಲ್ ನೋಡ್ಕೊಳ್ಳಿ. ಲೆವೆಲ್ ಸ್ಲ್ಯಾಬ್ ಮೇಲಿದ್ಯಾ, ಟೈಲ್ಸ್ ಮೇಲಿದ್ಯಾ ಅನ್ನೋದೇ ಮುಖ್ಯ. ಫ್ಲೋರ್ ಫಿನಿಶ್ 50, ಮೆಟ್ಟಿಲಿಗೆ ಗ್ರಾನೈಟ್ ಮತ್ತು ಗಾರೆ ಸೇರಿ 40 ಅಂದ್ಕೊಳ್ಳಿ. ಕಾಂಕ್ರೀಟ್‌ನಲ್ಲೇ ಎಲ್ಲಾನೂ 175 ಹಾಕಿಸಿದ್ರೆ ಫಿನಿಶ್ ಆದ್ಮೇಲೆ ಮೊದಲ್ನೇದು 165, ಕೊನೇದು 185 ಆಗುತ್ತೆ, ಇಳಿಯುವಾಗ ಎಡವೋದು ಅಲ್ಲೇ. ಅದಕ್ಕೆ ಫಿನಿಶ್ ಲೆವೆಲ್‌ನಿಂದ ಫಿನಿಶ್ ಲೆವೆಲ್‌ಗೆ ಸ್ಟೇರ್ ಎಳೀರಿ, `Desired Number of Risers` 18, `Actual Tread Depth` 270 ಕೊಡಿ, ಸೆಂಟ್ರಿಂಗ್ ಮೇಸ್ತ್ರಿಗೆ ಕೊಡೋ ಡ್ರಾಯಿಂಗ್‌ನಲ್ಲಿ ಮಾತ್ರ ಮೊದಲ ಕಾಂಕ್ರೀಟ್ ರೈಸರ್ 185, ಕೊನೇದು 165 ಅಂತ ಬರೀರಿ.

ಇನ್ನು ಲ್ಯಾಂಡಿಂಗ್. ಒಂಬತ್ತು-ಒಂಬತ್ತು ಮಾಡಿದ್ರೆ ಲ್ಯಾಂಡಿಂಗ್ 1575ಕ್ಕೆ ಬರುತ್ತೆ, ಅದರ ಸ್ಲ್ಯಾಬ್, ಪ್ಲಾಸ್ಟರ್ ಕಳೆದ್ರೆ ಕೆಳಗೆ ಉಳಿಯೋದು ಸುಮಾರು 1400, ಇನ್ವರ್ಟರ್, ಚಪ್ಪಲಿ ಸ್ಟ್ಯಾಂಡ್‌ಗೆ ಓಕೆ, ಮನುಷ್ಯರು ನಡೆಯೋಕಾಗಲ್ಲ. ಕೋಡ್ ಕೇಳೋ ಹೆಡ್‌ರೂಮ್ 2200. ಓಡಾಡ್ಲೇಬೇಕು ಅಂದ್ರೆ ಮೊದಲ ಫ್ಲೈಟ್‌ಗೆ 14, ಎರಡನೇದಕ್ಕೆ 4 ರೈಸರ್ ಕೊಡಿ, ಕೆಳಗೆ ಸುಮಾರು 2275 ಸಿಗುತ್ತೆ, ಆದ್ರೆ ಮೊದಲ ಫ್ಲೈಟ್ ಉದ್ದ 3510 ಆಗುತ್ತೆ, ಜಾಗ ಇದ್ಯಾ ಅಳೆದು ನೋಡಿ.

ಹೀಗೆ ಮಾಡಿದಾಗ ಎಲ್ರೂ ಮರೆಯೋದು ಮೇಲಿನ ಸ್ಲ್ಯಾಬ್. ಮೊದಲ ಫ್ಲೈಟ್ ಉದ್ದ ಆದಷ್ಟೂ ಮೇಲಿನ ರೂಮ್ ದೊಡ್ಡದು ಮಾಡೋಕೆ ಸ್ಲ್ಯಾಬನ್ನ ಮೆಟ್ಟಿಲ ಮೇಲೆ ಎಳೀತಾರೆ. 125 ಸ್ಲ್ಯಾಬ್ ಆದ್ರೆ ಅದರ ತಳ, ಫಿನಿಶ್ ಪ್ಲಾಸ್ಟರ್ ಎಲ್ಲಾ ಕಳೆದು, ಕೆಳಗಿನ ಫ್ಲೋರ್‌ನಿಂದ 2963ಕ್ಕೆ ಇರುತ್ತೆ, ಅಂದ್ರೆ ನಾಲ್ಕನೇ ಮೆಟ್ಟಿಲಿನ ತನಕ ಮಾತ್ರ ಮುಚ್ಚಬಹುದು, ಐದನೇದ್ರ ಮೇಲೆ ನಿಂತ್ರೆ 2088 ಅಷ್ಟೇ. ಆ ಅಂಚಿಗೆ 450 ಬೀಮ್ ಬಂದ್ರೆ ಎರಡೇ ಮೆಟ್ಟಿಲು. ಆರ್ಕಿಟೆಕ್ಚರ್ ಮಾಡೆಲ್‌ನಲ್ಲಿ ಬೀಮ್ ಇರಲ್ಲ, ಹಾಗಾಗಿ ಸ್ಟ್ರಕ್ಚರ್ ಮಾಡೆಲ್ ಲಿಂಕ್ ಮಾಡಿ, ಫ್ಲೈಟ್ ಉದ್ದಕ್ಕೂ ಸೆಕ್ಷನ್ ಕತ್ತರಿಸಿ, ಮೆಟ್ಟಿಲ ಮೂಗುಗಳನ್ನ ಸೇರಿಸೋ ಗೆರೆ ಒಂದನ್ನ ಎಳೆದು ಅದನ್ನೇ ನೇರ ಮೇಲಕ್ಕೆ 2200 ಕಾಪಿ ಮಾಡಿ. ಆ ಗೆರೆ ಸ್ಲ್ಯಾಬ್‌ಗಾಗ್ಲಿ ಬೀಮ್‌ಗಾಗ್ಲಿ ತಾಗಿದ್ರೆ ಶಾಫ್ಟ್ ಓಪನಿಂಗ್ ಹಿಂದಕ್ಕೆ ಸರಿಸಬೇಕು, ಬೀಮ್ ಎಲ್ಲಿಗೆ ಹೋಗ್ಬೇಕು ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಕಾಂಕ್ರೀಟ್ ಹಾಕೋಕೆ ಮುಂಚೆನೇ ಕೇಳ್ಕೊಳ್ಳಿ.