ಹೊಟ್ಟೆ ಉರಿ ಇಲ್ಲ ಅಂದಮಾತ್ರಕ್ಕೆ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 64 ವರ್ಷ. ಎರಡೂ ಮಂಡಿಯಲ್ಲಿ ಸವೆತ. ಸೊಸೆಯ ಜೊತೆ ಬಂದಿದ್ದು ಸುಸ್ತಿನ ದೂರು ಹೇಳೋಕೆ. ಮೆಟ್ಟಿಲು ಹತ್ತಿದರೆ ಏದುಸಿರು, ನಿಂತರೆ ತಲೆಸುತ್ತು. "ವಯಸ್ಸಾಯ್ತಲ್ಲ ಮೇಡಂ" ಅಂದರು.

ನಾನು ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಲು ಹೇಳಿದೆ. ನೋವಿಗೆ ಎಷ್ಟು ತಗೋತೀರಿ ಅಂದರೆ "ಒಂದೇ" ಅಂದಿದ್ದರು. ಕವರಿನಿಂದ ಬಂದಿದ್ದು ಎರಡು. ಒಂದು ಡೈಕ್ಲೋಫೆನಾಕ್ 50 ಮಿಲಿಗ್ರಾಂ, ದಿನಕ್ಕೆರಡು, ಮೂರು ವರ್ಷದಿಂದ. ಇನ್ನೊಂದು ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ್ದು, ನೋವು ಜಾಸ್ತಿಯಾದ ದಿನಕ್ಕೆ. ಹೆಸರು ಬೇರೆ, ಬಣ್ಣ ಬೇರೆ. ಆದರೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಎರಡೂ ಒಂದೇ ಗುಂಪಿನ ಔಷಧಿ. ಎರಡನ್ನೂ ನುಂಗಿದ ದಿನ ಅಪಾಯ ಹೆಚ್ಚುತ್ತದೆ, ನೋವು ಮಾತ್ರ ಅಷ್ಟೇನೂ ಹೆಚ್ಚಾಗಿ ಇಳಿಯುವುದಿಲ್ಲ. ಜೊತೆಗೆ ಹೃದಯದ ಸ್ಟೆಂಟ್‌ಗೆಂದು ಆಸ್ಪಿರಿನ್ 75. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ.

"ಹೊಟ್ಟೆಗೆ ಕೊಟ್ಟ ಮಾತ್ರೆ ಎಲ್ಲಿ?"

"ಉರಿ ಇದ್ದಾಗ ತಗೋತಿದ್ದೆ. ಈಗ ಉರಿಯೇ ಇಲ್ಲ, ಬಿಟ್ಟೆ."

ಇಲ್ಲೇ ನನಗೆ ಭಯವಾಗಿದ್ದು. ಮಲದ ಬಣ್ಣ ಕೇಳಿದೆ. ಸ್ವಲ್ಪ ಸಂಕೋಚದ ನಂತರ ಹೇಳಿದರು: ಐದಾರು ದಿನದಿಂದ ಟಾರಿನಂತೆ ಕಪ್ಪು, ಅಂಟಂಟು, ಕೆಟ್ಟ ವಾಸನೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಈ ಅಂಟು, ಈ ವಾಸನೆ ಇರುವುದಿಲ್ಲ. ಅವರು ಕಬ್ಬಿಣದ ಮಾತ್ರೆ ತಗೊಂಡೂ ಇರಲಿಲ್ಲ. ಹೊಟ್ಟೆಯೊಳಗೆ ಒಸರಿದ ರಕ್ತ ಕರುಳಲ್ಲಿ ಇಳಿಯುತ್ತಾ ಹೀಗಾಗುತ್ತದೆ. ಸಲಹೆ ಆಮೇಲೆ ಅಂತ ಅದೇ ಗಳಿಗೆಯಲ್ಲಿ ಎಮರ್ಜೆನ್ಸಿಗೆ ಕಳಿಸಿದೆ.

ಹಿಮೋಗ್ಲೋಬಿನ್ 8.1 ಇತ್ತು. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಹಿಂದಿನ ವರ್ಷ 0.9 ಇದ್ದಿದ್ದು 1.7 ಆಗಿತ್ತು. ಅಂದರೆ ಕಿಡ್ನಿ ಸೋಸುವ ಶಕ್ತಿ ಅರ್ಧಕ್ಕಿಂತ ಕೆಳಗೆ ಬಂದಿತ್ತು.

ಹತ್ತು ದಿನದ ಮೇಲೆ ಕೂತು ಮಾತಾಡಿದೆವು. "ಊಟ ಆದಮೇಲೇ ತಗೋತಿದ್ದೆನಲ್ಲ?" ಅನ್ನುವುದು ಅವರ ಮೊದಲ ಪ್ರಶ್ನೆ. ತುಂಬಾ ಜನ ಕೇಳುವ ಪ್ರಶ್ನೆ ಇದು. ಊಟ ಮಾಡಿ ತಗೊಂಡರೆ ಉರಿ ಕಡಿಮೆಯಾಗಬಹುದು, ಹುಣ್ಣು ತಪ್ಪುವುದಿಲ್ಲ. ಯಾಕೆಂದರೆ ಮಾತ್ರೆ ಹೊಟ್ಟೆಯನ್ನು ತಾಗಿ ಸುಡುವುದಷ್ಟೇ ಅಲ್ಲ. ರಕ್ತ ಸೇರಿದ ಮೇಲೆ ಅದು ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗದಂತೆ ತಡೆಯುತ್ತದೆ. ಮಂಡಿಯಲ್ಲಿ ನೋವು, ಊತ ಹೆಚ್ಚಿಸುವುದೂ ಅದೇ, ಜಠರದ ಲೋಳೆಪದರವನ್ನು ಕಾಯುವುದೂ ಅದೇ. ಹಾಗಾಗಿ ಇಂಜೆಕ್ಷನ್ ತಗೊಂಡರೂ ಹೊಟ್ಟೆಗೆ ಅಪಾಯ ಇದ್ದೇ ಇರುತ್ತದೆ. ಇನ್ನು, ನೋವಿನ ಮಾತ್ರೆ ನೋವನ್ನೇ ಅಡಗಿಸುತ್ತದಲ್ವಾ? ಎಷ್ಟೋ ಹುಣ್ಣುಗಳ ಮೊದಲ ಸುಳಿವೇ ರಕ್ತಸ್ರಾವ. ಆಸ್ಪಿರಿನ್ ಜೊತೆಗಿದ್ದರೆ ಅದರ ಸಾಧ್ಯತೆ ಇನ್ನೂ ಹೆಚ್ಚು.

ಸೊಸೆ ಕೇಳಿದರು: "ಹಾಗಾದ್ರೆ ಹೊಟ್ಟೆ ಮಾತ್ರೆ ದಿನಾ ಕೊಟ್ಟು ನೋವಿನ ಮಾತ್ರೆ ಮುಂದುವರಿಸಬಹುದಾ?"

ಬೇಡ ಅಂದೆ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಜಠರದ ಅಪಾಯ ತಗ್ಗಿಸುತ್ತದೆ, ಕಿಡ್ನಿಯನ್ನು ಕಾಯುವುದಿಲ್ಲ. ಕಿಡ್ನಿಗೆ ರಕ್ತ ತರುವ ಸಣ್ಣ ನಾಳವನ್ನು ತೆರೆದಿಡುವುದೂ ಪ್ರೋಸ್ಟಾಗ್ಲಾಂಡಿನ್. ಅದು ನಿಂತರೆ ನಾಳ ಬಿಗಿಯುತ್ತದೆ. ಟೆಲ್ಮಿಸಾರ್ಟನ್ ಕಿಡ್ನಿಯ ಸೋಸುವ ಜಾಗದಿಂದ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಮೂತ್ರದ ಮಾತ್ರೆ ಮೈಯ ನೀರನ್ನು ಇಳಿಸುತ್ತದೆ. ಒಳಬರುವ ರಕ್ತ ಕಡಿಮೆ, ಹೊರದಾರಿ ಅಗಲ, ಸೋಸಲು ಬೇಕಾದ ಒತ್ತಡವೇ ಇಲ್ಲ. ಬಿಪಿ ಮಾತ್ರೆ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಕೆಟ್ಟದ್ದು ಈ ಮೂರರ ಕೂಟ, ಅದರಲ್ಲಿ ಬಿಡಬೇಕಾದ್ದು ನೋವಿನ ಮಾತ್ರೆ. ಕಿಡ್ನಿಗೆ ಹೀಗಾಗುವ ಹಾನಿ ಸಾಮಾನ್ಯವಾಗಿ ನೋವನ್ನೂ ಕೊಡುವುದಿಲ್ಲ, ಮೂತ್ರದ ಬಣ್ಣವನ್ನೂ ಬದಲಿಸುವುದಿಲ್ಲ. ರಕ್ತಪರೀಕ್ಷೆಯಲ್ಲೇ ಗೊತ್ತಾಗಬೇಕು.

ಆಸ್ಪಿರಿನ್ ಮಾತ್ರ ತಾವಾಗಿ ನಿಲ್ಲಿಸಬಾರದು ಅಂತ ಒತ್ತಿ ಹೇಳಿದೆ. ಸ್ಟೆಂಟ್ ಇರುವವರು ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟುವ ಭಯ. ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರ್ ಜೊತೆ ಚರ್ಚಿಸಿ, ಪ್ಯಾಂಟೊಪ್ರಜೋಲ್ ರಕ್ಷಣೆಯೊಂದಿಗೆ ಮತ್ತೆ ಶುರುಮಾಡಿದ್ದರು. ಆ ಮಾತ್ರೆಯನ್ನು ಉರಿ ಇರಲಿ ಬಿಡಲಿ ದಿನಾ ತಗೋಬೇಕು.

ಹಾಗಾದರೆ ಮಂಡಿಗೆ? ನಿಜ ಹೇಳಬೇಕಂದರೆ ಅಷ್ಟೇ ಬಲವಾದ ಬದಲಿ ನನ್ನ ಹತ್ತಿರ ಇರಲಿಲ್ಲ. ಡಾಕ್ಟರ್ ಪ್ಯಾರಸಿಟಮಾಲ್ 650 ದಿನಕ್ಕೆ ಗರಿಷ್ಠ ಮೂರು ಬರೆದಿದ್ದರು. ಬೇರೆ ಶೀತ-ಜ್ವರದ ಮಾತ್ರೆಯಲ್ಲೂ ಅದು ಇರುತ್ತದೆ, ಲೆಕ್ಕ ತಪ್ಪಬಾರದು. ಡೈಕ್ಲೋಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ಕಡಿಮೆ, ಆದರೂ ಕಿಡ್ನಿ ಸುಧಾರಿಸಿದ ಮೇಲೇ ಅಂದರು. ಉಳಿದದ್ದು ತೊಡೆಯ ಸ್ನಾಯು: ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಐದು ಸೆಕೆಂಡ್ ಹಿಡಿಯುವುದು, ಹತ್ತು ಸಲ, ದಿನಕ್ಕೆರಡು ಹೊತ್ತು. ಮೊದಲ ವಾರ "ಇದೇನು ಆಟ" ಅಂತ ಸಿಟ್ಟಾದರು.

ಎರಡು ತಿಂಗಳ ನಂತರ ಕ್ರಿಯಾಟಿನಿನ್ 1.1, ಹಿಮೋಗ್ಲೋಬಿನ್ 10.8. ಮಂಡಿ ನೋವು ಇದೆ, ಮೆಟ್ಟಿಲು ಹತ್ತುತ್ತಾರೆ. ಪರ್ಸ್‌ನಲ್ಲಿ ತಮ್ಮ ಮಾತ್ರೆಗಳ ಪಟ್ಟಿ ಇಟ್ಟುಕೊಂಡಿದ್ದಾರೆ. ಅದರ ಕೆಳಗೆ ಅವರೇ ಬರೆದದ್ದು: ವಾಂತಿ-ಭೇದಿ ಆದ ದಿನ ಬಿಪಿ ಮಾತ್ರೆ ಬಗ್ಗೆ ಮೊದಲು ಫೋನ್ ಮಾಡು.