‘ಊಟ ಆಯ್ತಾ’ ಬಿಟ್ಟು ಬೇರೇನು ಕೇಳೋದು?

“ಒಬ್ಬ ಹುಡುಗಿ ಜೊತೆ ಚಾಟ್ ಮಾಡ್ತಿದ್ದೀನಿ. ನಾನು ‘ಊಟ ಆಯ್ತಾ?’ ಅಂತೀನಿ, ಅವಳು ‘ಹ್ಞೂಂ’ ಅಂತಾಳೆ. ವೀಕೆಂಡ್‌ಗೆ ಶಿರಸಿಗೆ ಹೋಗಿ ಬಂದಿದ್ದಾಳೆ. ಮಾತು ಬೆಳೆಸೋಕೆ ಏನು ಕೇಳಲಿ?”

ಆ ಶಿರಸಿಯನ್ನೇ ಹಿಡ್ಕೊಳ್ಳಿ. ‘ಊರು ಹೇಗಿತ್ತು?’ ಅಂದ್ರೆ ‘ಚೆನ್ನಾಗಿತ್ತು’ ಅಂತ ಬರುತ್ತೆ, ಅಷ್ಟೆ. ಬದಲಿಗೆ, ‘ಅಮ್ಮ ಬ್ಯಾಗಿಗೆ ತುಂಬಿ ಕಳಿಸಿದ್ದರಲ್ಲಿ ರೂಮ್‌ಮೇಟ್ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿದ್ದು ಯಾವುದು?’ ಅಂತ ಕೇಳಿ. ಇದಕ್ಕೆ ಹ್ಞೂಂ ಅನ್ನೋಕಾಗಲ್ಲ. ಅಮ್ಮ, ರೂಮ್‌ಮೇಟ್, ತಿಂಡಿ ಮೂವರೂ ಇರೋದ್ರಿಂದ ಉತ್ತರದಲ್ಲೊಂದು ಕಥೆ ಇರುತ್ತೆ.

‘ತೊಡದೇವು’ ಅಂದಳು ಅಂತಿಟ್ಕೊಳ್ಳಿ. ತಕ್ಷಣ ಇನ್ನೊಂದು ವಿಷಯಕ್ಕೆ ಹಾರಬೇಡಿ. ಒಂದು ಊಹೆ ಬಿಡಿ: ‘ಎರಡೇ ದಿನದಲ್ಲಿ ಖಾಲಿ ಆಗಿರುತ್ತೆ, ಅಲ್ವಾ?’ ಊಹೆ ತಪ್ಪಾದ್ರೆ ಇನ್ನೂ ಒಳ್ಳೇದು, ಜನ ತಿದ್ದೋಕೆ ಅಂತಾನೇ ನಾಲ್ಕು ಸಾಲು ಬರೀತಾರೆ. ಆಮೇಲೆ ನೀವು ಬಚ್ಚಿಟ್ಟು ಸಿಕ್ಕಿಬಿದ್ದ ತಿಂಡಿ ಬಗ್ಗೆ ಹೇಳಿ, ಇಲ್ಲಾಂದ್ರೆ ವಿಚಾರಣೆ ಥರ ಆಗುತ್ತೆ.

‘ನಿನ್ನ ಬಗ್ಗೆ ಹೇಳು’ ಅಂತ ಮಾತ್ರ ಬೇಡ. ಅಷ್ಟು ದೊಡ್ಡ ಪ್ರಶ್ನೆಗೆ ಎಲ್ಲಿಂದ ಶುರು ಮಾಡೋದು ಅಂತಾನೇ ತೋಚಲ್ಲ.

ಮೂರ್ನಾಲ್ಕು ಸಲ ಹೀಗೆ ಕೇಳಿದ ಮೇಲೂ ಒಂದೇ ಪದದ ಉತ್ತರ, ‘ನೀನು?’ ಅಂತ ತಿರುಗಿ ಕೇಳೋದೂ ಇಲ್ಲ ಅಂದ್ರೆ ಅವಳಿಗೆ ಮಾತಾಡೋ ಮನಸ್ಸಿಲ್ಲ. ಅಲ್ಲಿಗೆ ಬಿಟ್ಟುಬಿಡಿ.