"ನಿಮ್ಮದು ಯಾವ ಊರು?" ಎಂಬ ಮೊದಲ ಪ್ರಶ್ನೆ

"ಸಂಪಾದಕರೇ, ನನ್ನದು ಹಾರ್ಡ್‌ವೇರ್ ಸಗಟು ವ್ಯಾಪಾರ. 14 ಜನ ಕೆಲಸಕ್ಕಿದ್ದಾರೆ. ನಾನು ಜಾತಿ ನೋಡಿದವನಲ್ಲ, ಅರ್ಹತೆ ನೋಡಿಯೇ ತಗೊಂಡಿದ್ದು. ಮೊನ್ನೆ ಮಗಳು ಎಣಿಸಿ ತೋರಿಸಿದಳು, 11 ಜನ ನಮ್ಮವರೇ. ಈಗ ಒಬ್ಬ ಅಕೌಂಟೆಂಟ್ ಬೇಕು. ನನಗೇ ತಿಳಿಯದೆ ಆಗುವ ಈ ಪಕ್ಷಪಾತವನ್ನು ಹಿಡಿಯುವುದು ಹೇಗೆ?"
(ಹೆಸರು ಬೇಡ ಎಂದ ಓದುಗರು, ತುಮಕೂರು)

ಮೊದಲು ನಿಮ್ಮ ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ಹಿಡಿಯುವ ದಾರಿ ಎಣಿಸುವುದೇ. ಮನಸ್ಸನ್ನು ಕೇಳಿದರೆ ಅದು ಯಾವತ್ತೂ "ನಾನು ಸರಿಯಾಗೇ ಇದ್ದೇನೆ" ಅನ್ನುತ್ತದೆ. ಆದರೆ ಅವಳು ಒಳಗಿರುವವರನ್ನು ಮಾತ್ರ ಎಣಿಸಿದ್ದಾಳೆ. ಅರ್ಜಿ ಹಾಕಿದವರು, ಸಂದರ್ಶನಕ್ಕೆ ಕರೆದವರು, ಕೆಲಸ ಸಿಕ್ಕವರು, ಹೀಗೆ ಮೂರು ಸಾಲು ಬರೆಯಿರಿ. ಬೇರೆಯವರ ಅರ್ಜಿಯೇ ಬಂದಿಲ್ಲವೆಂದರೆ ಖಾಲಿ ಜಾಗದ ಸುದ್ದಿ ನಿಮ್ಮ ನೆಂಟರಿಷ್ಟರನ್ನು ದಾಟಿಲ್ಲ. ಅರ್ಜಿ ಬಂದೂ ಕರೆ ಹೋಗಿಲ್ಲವೆಂದರೆ ಹೆಸರು ನೋಡಿ ಕೈ ತಡೆದಿದೆ. ಕರೆಸಿದ ಮೇಲೆ ಬಿದ್ದುಹೋಗಿದ್ದರೆ ತಪ್ಪು ನಿಮ್ಮ ಪ್ರಶ್ನೆಗಳಲ್ಲಿರಬಹುದು.

ಹಣದ ವ್ಯವಹಾರ ಕೊಡುವಾಗ ಗೊತ್ತಿದ್ದ ಮನೆಯವರಾದರೆ ನೆಮ್ಮದಿ ಅಂತ ನೀವು ಹೇಳಬಹುದು. ಅದನ್ನು ಒಪ್ಪುತ್ತೇನೆ. ಆದರೆ "ಅರ್ಹತೆ ನೋಡಿಯೇ" ಎಂಬ ಮಾತನ್ನು ಒಪ್ಪಲಾರೆ, ಬೇಸರ ಮಾಡಿಕೊಳ್ಳಬೇಡಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಒಂದೇ ಮಟ್ಟದ ಓದಿನ ಅರ್ಜಿಗಳನ್ನು ಕಳಿಸಿ, ಹೆಸರು ಮಾತ್ರ ಬದಲಿಸಿದ್ದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲಿತ್ತು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿ ಬರೆದ ಅಧ್ಯಯನವೂ ಅದೇ ವರ್ಷ ಪ್ರಕಟವಾಯಿತು. ನಾವು ನೋಡುವುದು ಅರ್ಹತೆ ಅಂದವರೇ ಮನೆಯ ಹಿನ್ನೆಲೆ ಕೇಳುತ್ತೇವೆ ಅಂತಲೂ ಹೇಳಿದ್ದರು.

ನಾನೂ ಕೇಳಿದವನೇ. ಬಹಳ ಹಿಂದೆ ಒಂದು ಪತ್ರಿಕೆಯ ಕಚೇರಿಯಲ್ಲಿ ಸಂದರ್ಶನಕ್ಕೆ ಕೂತಿದ್ದೆ. ಒಬ್ಬ ಹುಡುಗನಿಗೆ ಊರು ಯಾವುದೆಂದು ಕೇಳಿದೆ. ನಮ್ಮ ಪಕ್ಕದ ಊರು! ಅರ್ಧ ಗಂಟೆ ಕೆರೆ, ಜಾತ್ರೆ, ಮೇಷ್ಟ್ರ ಮಾತೇ ಆಯ್ತು. "ಚುರುಕಾಗಿದ್ದಾನೆ" ಅಂತ ಬರೆದೆ. ಆಮೇಲೆ ಬಂದ ಹುಡುಗಿಗೆ ಹತ್ತು ನಿಮಿಷ, ಅದೂ ಬರೀ ಕಷ್ಟದ ವ್ಯಾಕರಣ ಪ್ರಶ್ನೆ. "ಅಳುಕು ಜಾಸ್ತಿ" ಅಂತ ಬರೆದೆ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿರಲೇ ಇಲ್ಲ ಅನ್ನುವುದು ಹೊಳೆಯಲು ವರ್ಷಗಳು ಬೇಕಾದವು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅದಕ್ಕೇ ಅರ್ಜಿಗಳನ್ನು ತೆರೆಯುವ ಮೊದಲು ಏನು ಬೇಕು, ಯಾವುದಕ್ಕೆ ಎಷ್ಟು ಅಂಕ ಅಂತ ಬರೆದಿಡಿ. ಎರಿಕ್ ಉಲ್‌ಮನ್, ಜೆಫ್ರಿ ಕೋಹೆನ್ 2005ರಲ್ಲಿ ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಗಂಡಸು, ಹೆಂಗಸು ಅಭ್ಯರ್ಥಿಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದರು. ಗಂಡಸಿಗೆ ಓದಿದ್ದರೆ ಜನ ಓದೇ ಮುಖ್ಯ ಅಂದರು. ಗಂಡಸಿಗೆ ಬೀದಿಯ ಅನುಭವವಿದ್ದರೆ ಓದು ಅಷ್ಟು ಮುಖ್ಯವಲ್ಲ ಅಂದರು. ಯಾವುದು ಮುಖ್ಯ ಅಂತ ಮೊದಲೇ ಗೊತ್ತುಮಾಡಿಸಿದಾಗ ಗಂಡಸಿನ ಕಡೆ ವಾಲುವ ಆ ಪಕ್ಷಪಾತ ಕಾಣಲಿಲ್ಲ.

ಈಗ ನಿಮ್ಮ ಅಕೌಂಟೆಂಟ್ ವಿಷಯ. ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಅದೇ ತಿಂಗಳ ಲೆಡ್ಜರ್ ಪ್ರತಿ ಕೊಡಿ. ಪಾರ್ಟಿಗಳ ಹೆಸರು ಬದಲಿಸಿರಿ. ನೀವೇ ಐದು ವ್ಯತ್ಯಾಸ ಇಟ್ಟಿರಿ: ಪಾಸಾಗದ ಒಂದು ಚೆಕ್, ಲೆಡ್ಜರಿಗೆ ಏರಿಸದ ಬ್ಯಾಂಕ್ ಚಾರ್ಜ್, ಎರಡು ಸಲ ಬರೆದ ಬಿಲ್, ಬೇರೆ ಪಾರ್ಟಿಗೆ ಜಮಾ ಆದ ಮೊತ್ತ, ಮತ್ತೆ 5,400 ಇರಬೇಕಾದಲ್ಲಿ 4,500. ಅಂಕಿ ಅದಲುಬದಲಾದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. ಪಳಗಿದವರು 900 ಕಂಡೊಡನೆ ಅನುಮಾನಪಡುತ್ತಾರೆ. ಮುಕ್ಕಾಲು ಗಂಟೆ ಸಾಕು. ಉತ್ತರದ ಹಾಳೆಯ ಮೇಲೆ ಹೆಸರು ಬೇಡ, ನಂಬರ್ ಇರಲಿ. ನಿಮ್ಮ ಮಗಳು ಮತ್ತು ನೀವು ಬೇರೆಬೇರೆಯಾಗಿ ಅಂಕ ಹಾಕಿ. ಹಾಕಿದ ಮೇಲೇ ಮಾತಾಡಿ, ಇಲ್ಲದಿದ್ದರೆ ಯಜಮಾನರ ಅಂಕವೇ ಎಲ್ಲರ ಅಂಕವಾಗುತ್ತದೆ.

ಸಂದರ್ಶನದಲ್ಲಿ ಎಲ್ಲರಿಗೂ ಅದೇ ನಾಲ್ಕು ಪ್ರಶ್ನೆ, ಅದೇ ಕ್ರಮದಲ್ಲಿ. ಒಂದು ಉತ್ತರ ಮುಗಿದ ತಕ್ಷಣ ಅದರ ಅಂಕ. ಊರು, ತಂದೆಯ ಕೆಲಸ, ಮದುವೆ, ಇವು ಯಾವುದೂ ಬೇಡ. ಹೆಸರು ಮುಚ್ಚಿದರೆ ಎಲ್ಲ ಮುಚ್ಚಿತು ಅಂತಲೂ ಅಂದುಕೊಳ್ಳಬೇಡಿ. ಓದಿದ ಶಾಲೆ, ಇದ್ದ ಹಾಸ್ಟೆಲ್ ಕೂಡ ಜಾತಿ ಹೇಳಿಬಿಡುತ್ತವೆ.

ಬೆಂಗಳೂರಿನ ದೊಡ್ಡ ಕಚೇರಿಗಳ ಮೇಲೆ ನನಗೆ ಇನ್ನೂ ಹೆಚ್ಚಿನ ಸಿಟ್ಟಿದೆ. ಅಲ್ಲಿ ಈ ಜರಡಿಗೆ "ಕಮ್ಯುನಿಕೇಶನ್ ಸ್ಕಿಲ್" ಅಂತ ಹೆಸರು. ಲೆಕ್ಕವನ್ನೋ ಕೋಡನ್ನೋ ನೀಟಾಗಿ ಮಾಡುವ ಹುಡುಗಿ ಇಂಗ್ಲಿಷಿನಲ್ಲಿ ಎರಡು ಸಲ ತಡವರಿಸಿದರೆ ಹೊರಗೆ. ದಿನಕ್ಕೆ ಎಷ್ಟು ಹೊತ್ತು ಇಂಗ್ಲಿಷ್ ಮಾತಾಡಬೇಕಾದ ಕೆಲಸ ಅದು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ನಿಮ್ಮ ಅಕೌಂಟೆಂಟ್ ದಿನವಿಡೀ ಮಾತಾಡುವುದು ಲಾರಿಯವರ ಜೊತೆ, ಅಂಗಡಿಯವರ ಜೊತೆ, ಕನ್ನಡದಲ್ಲೇ ಅಲ್ವಾ? ಹಾಗಾದರೆ ನಿಮ್ಮ ನಾಲ್ಕು ಪ್ರಶ್ನೆಗಳೂ ಕನ್ನಡದಲ್ಲೇ ಇರಲಿ.